ಆಟೋ ಕೊಟ್ಟಿದ್ದಕ್ಕೇ ಕುಮ್ಮಕ್ಕು ಆಗುತ್ತಾ?

"ಸ್ನೇಹಿತ ರಾತ್ರಿ ನನ್ನ ಗೂಡ್ಸ್ ಆಟೋ ಕೇಳಿದ, ಕೊಟ್ಟೆ. ಅದರಲ್ಲಿ ಗೋದಾಮಿನ ಅಡಿಕೆ ಮೂಟೆ ಕದ್ದನಂತೆ. ಕುಮ್ಮಕ್ಕು ಅಂತ ನನ್ನ ಹೆಸರೂ ಸೇರಿಸಿದ್ದಾರೆ. ಪ್ರಚೋದನೆ, ನೆರವು, ಒಳಸಂಚು ಎಲ್ಲ ಒಂದೇನಾ?"

ಒಂದೇ ಅಲ್ಲ. ನಾನು ಕ್ರಿಮಿನಲ್ ಕೇಸು ನಡೆಸುವ ವಕೀಲ. ಹಳೇ ಐಪಿಸಿಯ 107ನೇ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 45ನೇ ಕಲಂ. ಈ ಮೂರೂ ಕುಮ್ಮಕ್ಕಿನ ದಾರಿಗಳೇ. ಆದರೆ ಒಂದೊಂದಕ್ಕೂ ಪೊಲೀಸರು ತೋರಿಸಬೇಕಾದ್ದು ಬೇರೆ.

"ಕಾವಲುಗಾರ ಊರಿಗೆ ಹೋಗಿದ್ದಾನೆ, ಇವತ್ತೇ ಹೊಡಿ" ಅಂತ ಒಬ್ಬ ಹಚ್ಚಿಕೊಟ್ಟರೆ ಅದು ಪ್ರಚೋದನೆ. ಕಳ್ಳತನ ನಡೆಯದೇ ಹೋದರೂ ಅವನು ತಪ್ಪಿಸಿಕೊಳ್ಳುವುದಿಲ್ಲ. ಗೋದಾಮಿನ ಕಳ್ಳತನಕ್ಕೆ 7 ವರ್ಷದವರೆಗೆ ಶಿಕ್ಷೆಯಿದೆ. ಕೃತ್ಯ ನಡೆಯದಿದ್ದರೆ ಹಚ್ಚಿಕೊಟ್ಟವನಿಗೆ ಅದರ ಕಾಲು ಭಾಗದವರೆಗೆ, ಅಂದರೆ ಒಂದು ವರ್ಷ ಒಂಬತ್ತು ತಿಂಗಳವರೆಗೆ ಆಗಬಹುದು. ಹಾಗಂತ ಸಿಟ್ಟಲ್ಲಿ ಬಾಯಿಗೆ ಬಂದದ್ದೆಲ್ಲ ಪ್ರಚೋದನೆ ಆಗುವುದಿಲ್ಲ. 2001ರಲ್ಲಿ ರಮೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ.

ನಿಮ್ಮ ಮೇಲಿರುವುದು ಬಹುಶಃ ನೆರವಿನ ಆರೋಪ. ಇಲ್ಲಿ ಆಟೋ ಕೊಟ್ಟಿರಾ ಅನ್ನುವುದಕ್ಕಿಂತ, ಬೀಗದ ಕೈ ಕೊಟ್ಟ ಆ ಹೊತ್ತಿಗೆ ನಿಮಗೆ ಏನು ಗೊತ್ತಿತ್ತು ಅನ್ನುವುದೇ ಮುಖ್ಯ. ಶ್ರೀರಾಮ್ ಪ್ರಕರಣದಲ್ಲಿ (1975) ಕೋರ್ಟ್ ಒಂದು ಉದಾಹರಣೆ ಕೊಟ್ಟಿತ್ತು. ಸ್ನೇಹದಿಂದ ಒಬ್ಬನನ್ನು ಕರೆದಿರಿ, ಅದರಿಂದ ಕೊಲೆಗಾರನಿಗೆ ಅನುಕೂಲವಾಯಿತು ಅಂದ್ಕೊಳ್ಳಿ. ಕೊಲೆಗೆ ಅನುಕೂಲ ಮಾಡಿಕೊಡಲೆಂದೇ ಕರೆದಿರದಿದ್ದರೆ ನೀವು ಕುಮ್ಮಕ್ಕುದಾರ ಅಲ್ಲ.

ಮನಸ್ಸಿನೊಳಗಿದ್ದದ್ದು ಹೊರಗೆ ಕಾಣುವುದಿಲ್ಲ ಅಲ್ವಾ? ಹಾಗಾಗಿ ಸುತ್ತಲಿನದ್ದನ್ನು ನೋಡುತ್ತಾರೆ. ಮಾಮೂಲಿ ಬಾಡಿಗೆ ತಗೊಂಡಿರಾ, ಇಲ್ಲಾ ನಾಲ್ಕು ಪಟ್ಟು ಜಾಸ್ತಿ ತಗೊಂಡಿರಾ? ನಂಬರ್ ಪ್ಲೇಟಿಗೆ ಮಣ್ಣು ಮೆತ್ತಿತ್ತಾ? ನಡುರಾತ್ರಿ ಎಷ್ಟು ಸಲ ಫೋನಲ್ಲಿ ಮಾತಾಡಿದಿರಿ? ಬೆಳಿಗ್ಗೆ ವಿಷಯ ಗೊತ್ತಾಗಿದ್ದರೆ ಅದು ನೆರವಲ್ಲ, ಯಾಕಂದರೆ ನೆರವು ಕೃತ್ಯಕ್ಕೆ ಮೊದಲು ಅಥವಾ ನಡೆಯುವಾಗ ಆಗಬೇಕು. ಆದರೆ ಗೊತ್ತಾದ ಮೇಲೂ ಮೂಟೆ ನಿಮ್ಮ ಹಿತ್ತಲಲ್ಲಿ ಇಟ್ಟುಕೊಂಡಿದ್ದರೆ ಅದು ಕದ್ದ ಮಾಲಿನ ಬೇರೆ ಕೇಸು.

ಒಳಸಂಚಿಗೆ ಮೊದಲೇ ಕೂಡಿ ಒಪ್ಪಿಕೊಂಡಿರಬೇಕು. 45ನೇ ಕಲಮಿನಡಿ ಬರೀ ಒಪ್ಪಂದ ಸಾಲದು, ಅದರಂತೆ ಏನಾದರೂ ನಡೆದಿರಬೇಕು. ಆದರೆ 61ನೇ ಕಲಂ ಬೇರೆ. ಅಲ್ಲಿ ಅಪರಾಧ ಮಾಡಲು ಒಪ್ಪಿಕೊಂಡರೇ ಸಾಕು. ಎಫ್‌ಐಆರ್ ಪ್ರತಿಯಲ್ಲಿ 61 ಇದೆಯಾ ಅಂತ ಮೊದಲು ನೋಡಿ. ಬಾಡಿಗೆ ಫೋನ್‌ಪೇಯಲ್ಲಿ ಬಂದಿದ್ದರೆ ಆ ದಾಖಲೆಯನ್ನು ಅಳಿಸಬೇಡಿ.