ಪ್ರಾಚಲ ಸಮೀಕರಣ: ಇಳಿಜಾರು ಸರಿ ಬಂದರೂ ಬಾಗು ತಪ್ಪುವುದೇಕೆ?

ಪ್ರಶ್ನೆ: x ಮತ್ತು y ಎರಡನ್ನೂ t ಮೂಲಕ ಕೊಟ್ಟಾಗ ನನಗೆ ಇಳಿಜಾರು ಸರಿಯಾಗಿ ಬರುತ್ತದೆ, ಆದರೆ ಬಾಗು ಯಾವ ಕಡೆಗೆ ಎಂಬುದು ತಪ್ಪುತ್ತದೆ. t ಅನ್ನು ತೆಗೆದುಹಾಕಿ y = f(x) ಮಾಡಿಕೊಳ್ಳಲೇ ಅಥವಾ ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಲೇ?

ಬಿ.ಎಸ್ಸಿ. ಮೊದಲ ವರ್ಷದ ಪರೀಕ್ಷೆಯಲ್ಲಿ ನಾನು ತಪ್ಪಿದ್ದು ಇದೇ ಜಾಗದಲ್ಲಿ. ಕೊಟ್ಟಿದ್ದ ವಕ್ರರೇಖೆ ಸೈಕ್ಲಾಯ್ಡ್, ಅಂದರೆ ನೆಲದ ಮೇಲೆ ಜಾರದೆ ಉರುಳುವ ಚಕ್ರದ ಅಂಚಿನ ಒಂದು ಬಿಂದು ಸಾಗುವ ದಾರಿ:

```
x = a(t − sin t),   y = a(1 − cos t)
```

ಇಲ್ಲಿ a ಚಕ್ರದ ತ್ರಿಜ್ಯ, t ಅದು ತಿರುಗಿದ ಕೋನ. ಇಳಿಜಾರಿಗಾಗಿ dy/dt ಯನ್ನು dx/dt ಯಿಂದ ಭಾಗಿಸಿದೆ; sin t/(1 − cos t) ಬಂತು, ಅದು cot(t/2) ಎಂದು ಸರಳವಾಯಿತು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ಬಾಗಿನ ಸರದಿ ಬಂದಾಗ ನಾನು ಅದೇ ದಾರಿಯನ್ನು ಮುಂದುವರಿಸಿದೆ. ಮೊದಲ ಅವಕಲನಗಳ ಭಾಗಾಕಾರ ಇಳಿಜಾರನ್ನು ಕೊಟ್ಟಿತಲ್ಲ, ಹಾಗಾದರೆ ಎರಡನೇ ಅವಕಲನಗಳ ಭಾಗಾಕಾರ ಬಾಗನ್ನು ಕೊಡಬೇಕು ಎಂದುಕೊಂಡು y ಯ ಎರಡನೇ ಅವಕಲನ a cos t ಯನ್ನು x ನ ಎರಡನೇ ಅವಕಲನ a sin t ಯಿಂದ ಭಾಗಿಸಿ cot t ಎಂದು ಬರೆದೆ. ಅದು 0 ಯಿಂದ π/2 ವರೆಗೆ ಧನ, ಅಲ್ಲಿಂದ π ವರೆಗೆ ಋಣ. ಅದರಂತೆ t = π/2 ನಲ್ಲಿ ಬಾಗು ದಿಕ್ಕು ಬದಲಿಸುತ್ತದೆಂದು ಬರೆದು, ಒಂದೇ ಕಮಾನಿನಲ್ಲಿ ನಾಲ್ಕು ಕಡೆ ಬಾಗುವ ಚಿತ್ರವನ್ನೂ ಬಿಡಿಸಿದೆ. ಆ ಪ್ರಶ್ನೆಯ ಅಂಕಗಳು ಪೂರ್ತಿಯಾಗಿ ಹೋದವು.

ತಪ್ಪು ಎಲ್ಲಿತ್ತೆಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮದೂ ಇದೇ ಇರಬೇಕು. ಬಾಗು ಎಂದರೆ x ಮುಂದೆ ಸರಿದಂತೆ ಇಳಿಜಾರು ಎಷ್ಟು ಬದಲಾಗುತ್ತದೆ ಎಂಬುದು. ನಮ್ಮ ಕೈಯಲ್ಲಿರುವ ಇಳಿಜಾರು t ಯ ಉತ್ಪನ್ನ. ಅದನ್ನು t ಗೆ ಅವಕಲಿಸಿದರೆ t ಸರಿದಂತೆ ಆಗುವ ಬದಲಾವಣೆ ಮಾತ್ರ ಸಿಗುತ್ತದೆ. ಅದನ್ನು x ನ ಲೆಕ್ಕಕ್ಕೆ ತರಲು dx/dt ಯಿಂದ ಮತ್ತೊಮ್ಮೆ ಭಾಗಿಸಲೇಬೇಕು. ಅಂದರೆ ಅವಕಲಿಸಬೇಕಾದದ್ದು ಇಳಿಜಾರನ್ನೇ ಹೊರತು x ಮತ್ತು y ಗಳನ್ನು ಬೇರೆಬೇರೆಯಾಗಿ ಅಲ್ಲ. cot(t/2) ನ ಅವಕಲನ −1/(1 − cos t). ಅದನ್ನು a(1 − cos t) ಯಿಂದ ಭಾಗಿಸಿದರೆ:

```
d²y/dx² = −1 / [a(1 − cos t)²]
```

ಛೇದದಲ್ಲಿ ವರ್ಗ ಇರುವುದರಿಂದ ಇದು ಕಮಾನಿನ ಉದ್ದಕ್ಕೂ ಋಣವೇ. ಕಮಾನು ಎಲ್ಲೆಡೆಯೂ ಕೆಳಮುಖವಾಗಿಯೇ ಬಾಗಿದೆ. a = 1 ಎಂದಿಟ್ಟು ನೋಡಿ. t = π/3 ನಲ್ಲಿ x ಸುಮಾರು 0.18, ಇಳಿಜಾರು 1.73; t = π/2 ನಲ್ಲಿ x ಸುಮಾರು 0.57, ಇಳಿಜಾರು 1. x ಹೆಚ್ಚಿದಾಗ ಇಳಿಜಾರು ಇಳಿಯಿತು. ನನ್ನ cot t ಈ ಇಡೀ ಭಾಗದಲ್ಲಿ ಮೇಲ್ಮುಖ ಬಾಗು ಎಂದು ಹೇಳಿತ್ತು.

ಲೆಕ್ಕ ಮಾಡದೆಯೂ ತಪ್ಪನ್ನು ಹಿಡಿಯಬಹುದಿತ್ತು. a ಸೆಂಟಿಮೀಟರಿನಲ್ಲಿದ್ದರೆ ಎರಡನೇ ಅವಕಲನ ‘ಪ್ರತಿ ಸೆಂಟಿಮೀಟರಿಗೆ’ ಎಂಬ ಮಾನದಲ್ಲಿ ಬರಬೇಕು, ಆದ್ದರಿಂದ ಛೇದದಲ್ಲಿ a ಉಳಿಯಲೇಬೇಕು. ನನ್ನ ಉತ್ತರದಲ್ಲಿ a ಹೊಡೆದುಹೋಗಿತ್ತು. ಉತ್ತರ ಪತ್ರಿಕೆ ಕೈಗೆ ಬಂದಾಗ ಇದನ್ನು ಒಬ್ಬ ಹಿರಿಯ ವಿದ್ಯಾರ್ಥಿ ಬೆರಳಿಟ್ಟು ತೋರಿಸಿದರು.

ಆದ್ದರಿಂದ ನೀವು ಕೇಳಿದ ಎರಡು ದಾರಿಗಳನ್ನೂ ನಾನು ಒಪ್ಪುವುದಿಲ್ಲ. ಸೈಕ್ಲಾಯ್ಡಿನಲ್ಲಿ t ಯನ್ನು ತೆಗೆದು y = f(x) ಎಂಬ ಸರಳ ರೂಪಕ್ಕೆ ತರಲು ಆಗುವುದೇ ಇಲ್ಲ. ಬಾಯಿಪಾಠದ ಸೂತ್ರವಾದರೆ ನನ್ನಂತೆಯೇ ಅರ್ಧ ನೆನಪಾಗಿ ಕೈಕೊಡುತ್ತದೆ. ‘ಇಳಿಜಾರನ್ನು ಅವಕಲಿಸು, dx/dt ಯಿಂದ ಭಾಗಿಸು’ ಎಂಬ ಎರಡು ಹೆಜ್ಜೆಗಳನ್ನು ಪ್ರತಿ ಸಲವೂ ಬರೆದೇ ಮಾಡಿ.

ಕಮಾನಿನ ಉದ್ದದ ಲೆಕ್ಕಕ್ಕಾದರೆ ಎರಡನೇ ಅವಕಲನ ಬೇಕಿಲ್ಲ. dx/dt ಮತ್ತು dy/dt ಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಇಲ್ಲಿ 2a|sin(t/2)| ಬರುತ್ತದೆ. ಅದನ್ನು 0 ಯಿಂದ 2π ವರೆಗೆ ಅನುಕಲಿಸಿದರೆ 8a. 1658ರಲ್ಲಿ ಕ್ರಿಸ್ಟೋಫರ್ ರೆನ್ ಕಂಡುಕೊಂಡ ಉದ್ದ ಇದೇ. 35 ಸೆಂ.ಮೀ. ತ್ರಿಜ್ಯದ ಸೈಕಲ್ ಚಕ್ರ ಒಂದು ಸುತ್ತಿಗೆ ನೆಲದ ಮೇಲೆ ಸುಮಾರು 220 ಸೆಂ.ಮೀ. ಮುಂದೆ ಹೋದರೆ, ಟೈರಿನ ಅಂಚಿಗೆ ಹಚ್ಚಿದ ಸುಣ್ಣದ ಚುಕ್ಕಿ ಗಾಳಿಯಲ್ಲಿ 280 ಸೆಂ.ಮೀ. ಸಾಗಿರುತ್ತದೆ. 2a|sin(t/2)| ನಲ್ಲಿರುವ ಎರಡು ಲಂಬ ಗೆರೆಗಳನ್ನು, ಅಂದರೆ ಧನಮೌಲ್ಯದ ಚಿಹ್ನೆಯನ್ನು, ಬಿಡಬೇಡಿ: ಬಿಟ್ಟು 0 ಯಿಂದ 4π ವರೆಗೆ ಅನುಕಲಿಸಿದರೆ ಎರಡನೇ ಕಮಾನು ಋಣವಾಗಿ ಮೊದಲನೆಯದನ್ನು ಅಳಿಸಿ, 16a ಬರಬೇಕಾದಲ್ಲಿ ಸೊನ್ನೆ ಬರುತ್ತದೆ.