ಟ್ಯಾಲಿಗೂ ಡ್ಯಾಶ್‌ಬೋರ್ಡಿಗೂ 1,446 ರೂಪಾಯಿ ಜಗಳ

ಪ್ರಶ್ನೆ: ಬಸವನಗುಡಿಯಲ್ಲಿ ನಮ್ಮದು ಕಾಫಿಪುಡಿ ಅಂಗಡಿ. ಆನ್‌ಲೈನ್ ಆರ್ಡರೂ ಇದೆ. 2025ರ ಜೂನ್ ಮಾರಾಟ ಟ್ಯಾಲಿಯಲ್ಲಿ 18,42,316 ರೂಪಾಯಿ, ಡ್ಯಾಶ್‌ಬೋರ್ಡಿನಲ್ಲಿ 18,40,869.40. ಟ್ಯಾಲಿಯಲ್ಲಿ ಒಂದು ಎಂಟ್ರಿ ಹಾಕಿ ಸರಿ ಮಾಡ್ಕೊಳ್ಳಿ ಅಂತಾರೆ ನಮ್ಮ ಅಕೌಂಟೆಂಟ್. ಎರಡೂ ಫೈಲು ಕಳಿಸಿದ್ದೇನೆ. ಏನು ಮಾಡಲಿ ಸರ್?

ಉತ್ತರ: ಎಂಟ್ರಿ ಮಾತ್ರ ಹಾಕಬೇಡಿ. ಟ್ಯಾಲಿಯಲ್ಲಿರುವುದು ನೀವು ಗಿರಾಕಿಗೆ ಕೊಟ್ಟ ಬಿಲ್ಲುಗಳ ಲೆಕ್ಕ. ಅದೇ ಬಿಲ್ಲುಗಳ ಮೇಲೆ ಮುಂದಿನ ತಿಂಗಳ 11ರೊಳಗೆ ಜಿಎಸ್‌ಟಿಆರ್-1 ಹೋಗುತ್ತದೆ. ಡ್ಯಾಶ್‌ಬೋರ್ಡಿಗೆ ಹೊಂದಲಿ ಅಂತ ಪುಸ್ತಕ ತಿದ್ದಿದರೆ, ಈಗ ಇಲ್ಲದ ತಕರಾರು ಆಮೇಲೆ ರಿಟರ್ನಿನಲ್ಲಿ ಏಳುತ್ತದೆ.

ನಾನು ಮೊತ್ತ ಬಿಟ್ಟು ಮೊದಲು ಬಿಲ್ಲು ಎಣಿಸಿದೆ. ಟ್ಯಾಲಿಯಲ್ಲಿ 2,140, ಡ್ಯಾಶ್‌ಬೋರ್ಡಿನಲ್ಲಿ 2,138. ಎರಡೇ ಬಿಲ್ಲು ಕಮ್ಮಿ ಅನ್ನಿಸುತ್ತೆ, ಅಲ್ವಾ? ಆದರೆ ಬಿಲ್ ನಂಬರ್ ಇಟ್ಟು ಒಂದೊಂದೇ ಹೊಂದಿಸಿದಾಗ ಬೇರೆ ಕಥೆ ಸಿಕ್ಕಿತು. ಎರಡನ್ನೂ ಒಂದೇ ಎಕ್ಸೆಲ್ ಫೈಲಿನ ಎರಡು ಶೀಟಿನಲ್ಲಿಡಿ, ಬಿಲ್ ನಂಬರ್ A ಕಾಲಮಿನಲ್ಲಿರಲಿ. ಟ್ಯಾಲಿ ಶೀಟಿನ ಪಕ್ಕದ ಕಾಲಮಿನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=COUNTIF(Dashboard!A:A, A2)
```

ಸೊನ್ನೆ ಬಂದದ್ದು ಆ ಕಡೆ ಇಲ್ಲ. ಇದನ್ನೇ ಶೀಟಿನ ಹೆಸರು ಬದಲಿಸಿ ಡ್ಯಾಶ್‌ಬೋರ್ಡ್ ಶೀಟಿನಿಂದಲೂ ಮಾಡಬೇಕು, ಒಂದೇ ಕಡೆಯಿಂದ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. (ಎಲ್ಲಾ ಸೊನ್ನೆಯೇ ಬಂದರೆ ಗಾಬರಿ ಬೇಡ. ಎಕ್ಸ್‌ಪೋರ್ಟಿನಲ್ಲಿ ಬಿಲ್ ನಂಬರಿನ ಕೊನೆಗೆ ಒಂದು ಸ್ಪೇಸ್ ಉಳಿದಿರಬಹುದು, ಅದನ್ನು ತೆಗೆದು ಮತ್ತೆ ನೋಡಿ.)

ನಿಮ್ಮಲ್ಲಿ ಟ್ಯಾಲಿಯ 7 ಬಿಲ್ಲು ಡ್ಯಾಶ್‌ಬೋರ್ಡಿನಲ್ಲಿ ಇಲ್ಲ, ಒಟ್ಟು 4,935 ರೂಪಾಯಿ. ಡ್ಯಾಶ್‌ಬೋರ್ಡಿನ 5 ಬಿಲ್ಲು ಟ್ಯಾಲಿಯ ಜೂನ್‌ನಲ್ಲಿ ಇಲ್ಲ, ಒಟ್ಟು 3,812. ಹನ್ನೆರಡು ಬಿಲ್ಲಿನ ಗೊಂದಲ ಒಂದನ್ನೊಂದು ಹೊಡೆದುಹಾಕಿ 1,123 ರೂಪಾಯಿಯಾಗಿ ಕಾಣುತ್ತಿತ್ತು ಅಷ್ಟೆ.

ಆ ಐದು ಬಿಲ್ಲಿನ ಸಮಯ ನೋಡಿ. ಒಂದರಲ್ಲಿ `2025-06-30T20:10:00Z` ಅಂತಿದೆ. ಕೊನೆಯ Z ಅಂದರೆ ಅದು ಗ್ರೀನಿಚ್ ಸಮಯ. ಐದೂವರೆ ಗಂಟೆ ಕೂಡಿಸಿ: ಜುಲೈ 1, ರಾತ್ರಿ 1.40. ಅಂದರೆ ನಿಮ್ಮ ಡ್ಯಾಶ್‌ಬೋರ್ಡಿನ ಜೂನ್ ಶುರುವಾಗುವುದು ನಮ್ಮ ಜೂನ್ 1ರ ಬೆಳಗ್ಗೆ 5.30ಕ್ಕೆ, ಮುಗಿಯುವುದು ಜುಲೈ 1ರ ಬೆಳಗ್ಗೆ 5.30ಕ್ಕೆ. ಕಾಣೆಯಾದ ಏಳೂ ಟ್ಯಾಲಿಯಲ್ಲಿ ಜೂನ್ 1ರ ಆನ್‌ಲೈನ್ ಆರ್ಡರುಗಳೇ. ಕೌಂಟರ್ ಬಿಲ್ಲು ಒಂದೂ ಇಲ್ಲ, ಆ ಹೊತ್ತಿಗೆ ನಿಮ್ಮ ಶಟರ್ ಎಲ್ಲಿ ತೆಗೆದಿರುತ್ತೆ!

ಇನ್ನು ಉಳಿದದ್ದು 323.60. ಟ್ಯಾಲಿ ಮೊತ್ತದಲ್ಲಿ ಪೈಸೆಯೇ ಇಲ್ಲದ್ದು ಗಮನಿಸಿದಿರಾ? ಪ್ರತಿ ಬಿಲ್ಲೂ ರೂಪಾಯಿಗೆ ರೌಂಡ್ ಆಗಿದೆ. ಡ್ಯಾಶ್‌ಬೋರ್ಡ್ ಪೈಸೆಯನ್ನು ಹಾಗೇ ಕೂಡಿಸುತ್ತದೆ. ನಿಮ್ಮ ಫೈಲಿನ Round Off ಕಾಲಮ್ ಕೂಡಿಸಿದರೆ ಸರಿಯಾಗಿ 323.60 ಬರುತ್ತದೆ.

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ನನಗೆ ಆ ಅಂಕಿ ಜಾಸ್ತಿ ಅನ್ನಿಸಿತು. ಹತ್ತಿರದ ರೂಪಾಯಿಗೆ ರೌಂಡ್ ಮಾಡಿದರೆ ಕೆಲವು ಬಿಲ್ಲು ಮೇಲೆ ಹೋಗುತ್ತವೆ, ಕೆಲವು ಕೆಳಗೆ. ಎರಡು ಸಾವಿರ ಬಿಲ್ಲಿಗೆ ಸಾಮಾನ್ಯವಾಗಿ ಹತ್ತಿಪ್ಪತ್ತು ರೂಪಾಯಿ, ಹೆಚ್ಚೆಂದರೆ ಮೂವತ್ತು ಉಳಿಯಬೇಕು. ಮುನ್ನೂರು ದಾಟಿದರೆ ಏನೋ ಒಂದೇ ದಿಕ್ಕಿಗೆ ತಳ್ಳುತ್ತಿದೆ ಅಂತ ಅರ್ಥ. ಟ್ಯಾಲಿಯ ಸೆಟ್ಟಿಂಗಿನಲ್ಲಿ Upward Rounding ಇದೆಯೇನೋ ಅಂದುಕೊಂಡೆ. ಹಾಗಿದ್ದರೆ ಕೆಳಗೆ ಹೋದ ಬಿಲ್ಲೇ ಇರುತ್ತಿರಲಿಲ್ಲ, ನಿಮ್ಮಲ್ಲಿ ಬೇಕಾದಷ್ಟಿವೆ.

ಕಾರಣ ನಿಮ್ಮ ಕಾಲು ಕೆಜಿ ಪುಡಿ. 135 ರೂಪಾಯಿ, ಮೇಲೆ ಶೇ 5 ಜಿಎಸ್‌ಟಿ, 141.75. ಪ್ರತಿ ಸಲ 142ಕ್ಕೆ ಏರುತ್ತದೆ, ಯಾವತ್ತೂ ಇಳಿಯುವುದಿಲ್ಲ. ಜೂನ್‌ನಲ್ಲಿ ಬರೀ ಕಾಲು ಕೆಜಿಯ ಬಿಲ್ಲುಗಳು 1,260. ತಲಾ 25 ಪೈಸೆಯಂತೆ 315 ರೂಪಾಯಿ. ಮಿಕ್ಕ 880 ಬಿಲ್ಲುಗಳಿಂದ ಬಂದದ್ದು ಬರೀ 8.60. ಇದರಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಹೋಲಿಸುವಾಗ Round Off ಬಿಟ್ಟು ಹೋಲಿಸಿ, ಸಾಕು.

ತಿದ್ದಬೇಕಾದ್ದು ಡ್ಯಾಶ್‌ಬೋರ್ಡಿನ ಟೈಮ್ ಝೋನ್. ಅದನ್ನು `Asia/Kolkata` ಮಾಡಿಸಿ. ಬದಲಾಯಿಸಿದ ಕೂಡಲೇ ಹಳೆ ತಿಂಗಳುಗಳ ಮೊತ್ತವೂ ಅಲುಗಾಡಬಹುದು, ಹಾಗಾಗಿ ಈಗಿನ ರಿಪೋರ್ಟುಗಳನ್ನು ಮೊದಲೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಅದಕ್ಕೂ ಮುಂಚೆ ಮೇ ತಿಂಗಳ ಡ್ಯಾಶ್‌ಬೋರ್ಡ್ ಫೈಲು ತೆಗೆದು ನೋಡಿ. ಆ ಏಳು ಬಿಲ್ಲುಗಳು ಗ್ರೀನಿಚ್ ಲೆಕ್ಕದಲ್ಲಿ ಮೇ 31ರ 18:30ರ ನಂತರದ ಸಮಯದಲ್ಲಿ ಕೂತಿರಬೇಕು. ಅಲ್ಲೂ ಇಲ್ಲದ ಬಿಲ್ಲು ಒಂದೇ ಒಂದು ಸಿಕ್ಕಿದರೂ ಅದರ ಆರ್ಡರ್ ನಂಬರ್ ನನಗೆ ಕಳಿಸಿ, ಅದು ಟೈಮ್ ಝೋನ್ ಸಮಸ್ಯೆಯಲ್ಲ.