ಟೀಚರ್ ಪತ್ರದಲ್ಲಿ ಹೊಡೆದು ಹಾಕಿದ ಎರಡು ಸಾಲು

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಶ್ರೀನಿವಾಸಪುರದ ಕಡೆಯ ಒಂದು ಹೈಸ್ಕೂಲಿನ ಕ್ಲಾಸ್ ಟೀಚರ್ ಅವರು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೇ ದಿನ, ಕೋಲಾರದಲ್ಲಿ ಆಪ್ತ ಸಮಾಲೋಚನೆ ಮಾಡುವ ನನ್ನೆದುರು ಬಂದು ಕೂತರು. ಅವರ ತರಗತಿಯಲ್ಲಿ ಒಂಬತ್ತು ಮಕ್ಕಳು ಫೇಲಾಗಿದ್ದರು. ಎಲ್ಲರಿಗೂ ಒಂದು ಬಹಿರಂಗ ಪತ್ರ ಬರೆದಿದ್ದೇನೆ, ವಾಟ್ಸಾಪ್ ಗ್ರೂಪಿಗೆ ಹಾಕುವ ಮೊದಲು ನೋಡಿ ಅಂದರು.

ಮೊದಲ ಸಾಲು: "ಮಕ್ಕಳೇ, ಅಂಕ ಮುಖ್ಯವಲ್ಲ." ವರ್ಷವಿಡೀ ಸ್ಪೆಷಲ್ ಕ್ಲಾಸ್ ಇಟ್ಟು ಅಂಕ, ಅಂಕ ಅಂದವರು ಇವರೇ ಅಲ್ವಾ? ಈಗ ಹೀಗಂದರೆ ಮಕ್ಕಳು ಮುಂದಿನ ಸಾಲನ್ನೂ ನಂಬುವುದಿಲ್ಲ. "ಬೇಜಾರಾಗಿದೆ, ನನಗೂ ಆಗಿದೆ" ಎಂದು ಶುರು ಮಾಡಿ ಅಂದೆ.

ಇನ್ನೊಂದು ಸಾಲು: "ಅಪ್ಪ ಅಮ್ಮನ ಕಷ್ಟ ನೆನೆಸಿಕೊಳ್ಳಿ." ಫೇಲಾದ ಮಗು ಬೇರೇನು ನೆನೆಸಿಕೊಳ್ಳುತ್ತಿರುತ್ತೆ? ಅದನ್ನೂ ಹೊಡೆಸಿದೆ. ಆ ಜಾಗಕ್ಕೆ ಮುಂದೆ ಮಾಡುವ ಕೆಲಸ ಬರೆಸಿದೆ. 2024ರಿಂದ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಫೇಲಾದ ವಿಷಯವನ್ನಷ್ಟೇ ಪರೀಕ್ಷೆ-2ರಲ್ಲಿ ಬರೆಯಬಹುದು, ಶಾಲೆಯಲ್ಲೇ ಹೆಸರು ಕೊಡಬೇಕು. ಯಾವ ದಿನ, ಎಷ್ಟು ಹೊತ್ತಿಗೆ ಬರಬೇಕು ಅನ್ನುವುದೂ ಪತ್ರದಲ್ಲಿರಲಿ ಅಂದೆ. ಬೇಜಾರಲ್ಲಿರುವವರಿಗೆ ಹತ್ತು ಧೈರ್ಯದ ಮಾತಿಗಿಂತ ನಾಳೆ ಹೋಗಬೇಕಾದ ಒಂದು ಜಾಗ ಸುಲಭವಾಗಿ ಹಿಡಿಸುತ್ತೆ.

ಎದ್ದು ಹೊರಟವರು ಬಾಗಿಲ ಹತ್ತಿರ ನಿಂತರು. ಒಬ್ಬ ಹುಡುಗ ಫೋನ್ ಎತ್ತುತ್ತಿಲ್ಲವಂತೆ. ಲೆಕ್ಕದಲ್ಲಿ ಫೇಲು. ತನ್ನ ಕ್ರಿಕೆಟ್ ಬ್ಯಾಟನ್ನು ಗೆಳೆಯನಿಗೆ ಕೊಟ್ಟು, "ನೀನೇ ಇಟ್ಕೋ, ನಂಗೆ ಬೇಡ" ಅಂದಿದ್ದಾನೆ. ಇಷ್ಟು ಹೊತ್ತು ಪತ್ರದ ಮಾತಾಡಿದ್ದೆವು, ಮುಖ್ಯವಾದದ್ದು ಇದು! ಇಷ್ಟದ ವಸ್ತು ಸುಮ್ನೆ ಕೊಟ್ಟುಬಿಡುವುದನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಇವತ್ತೇ ಅವನ ಮನೆಗೆ ಹೋಗಿ, ನೇರವಾಗಿ ಕೇಳಿ ಅಂದೆ: "ಸಾಯಬೇಕು ಅನ್ನಿಸ್ತಿದೆಯಾ?"

"ಕೇಳಿದರೆ ಅವನ ತಲೇಲಿ ನಾವೇ ಹಾಕಿದ ಹಾಗಾಗಲ್ವಾ ಮೇಡಂ?"

ಆಗಲ್ಲ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗಿದ್ದರೆ ಹೇಳಿಕೊಳ್ಳಲು ದಾರಿಯಾಗುತ್ತೆ. ಹೌದು ಅಂದರೆ ಒಂಟಿಯಾಗಿ ಬಿಡಬಾರದು, ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆತರಬೇಕು. ರಾತ್ರಿಯಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಅವನು ಏನೇ ಅನ್ನಲಿ, ತೋಟಕ್ಕೆ ಹೊಡೆಯುವ ಔಷಧಿ ಡಬ್ಬಗಳನ್ನು ಅವತ್ತೇ ಮನೆಯಿಂದಾಚೆ, ಅವನ ಕೈಗೆ ಸಿಗದ ಕಡೆ ಬೀಗ ಹಾಕಿಡಲು ಅವನ ಅಪ್ಪನಿಗೆ ಹೇಳಿ ಅಂದೆ.

ಹುಡುಗ ಮಾವಿನ ಮಂಡಿಯಲ್ಲಿ ಕ್ರೇಟ್ ತುಂಬುತ್ತಿದ್ದ. ಕೇಳಿದಾಗ ತುಂಬಾ ಹೊತ್ತು ಸುಮ್ಮನಿದ್ದು, "ನಿನ್ನೆ ರಾತ್ರಿ ಅನ್ನಿಸ್ತು ಮಿಸ್" ಅಂದನಂತೆ. ಮಾರನೇ ದಿನ ಅಪ್ಪನ ಜೊತೆ ಆಸ್ಪತ್ರೆಗೆ ಬಂದ. ಮೂರು ವಾರ ನನ್ನ ಹತ್ತಿರವೂ ಬಂದ. ಪರೀಕ್ಷೆ-2ರ ಅರ್ಜಿಗೆ ಶಾಲೆಗೆ ಹೋಗಲು ನಾಚಿಕೆ ಅಂದಾಗ, ಟೀಚರೇ ಅದನ್ನು ಮಂಡಿಗೆ ಒಯ್ದರು. ಕ್ರೇಟಿನ ಮೇಲಿಟ್ಟು ಸಹಿ ಹಾಕಿದ್ದಾನೆ, ಕಾಗದಕ್ಕೆಲ್ಲಾ ಮಾವಿನ ಸೊನೆ.